ಗಂಡನ ಕುಡಿತ, ಜೂಜಿನ ನಡುವೆ ಮನೆ-ಮಕ್ಕಳನ್ನು ಉಳಿಸಿಕೊಳ್ಳಲು ಏನು ಮೊದಲು, ಏನು ಆಮೇಲೆ

ಕುಡಿತ ಬಿಡಿಸೋದು ಮೊದಲು, ಮನೆ ಸರಿಮಾಡಿಕೊಳ್ಳೋದು ಆಮೇಲೆ ಅಂದುಕೊಂಡೇ ಎಷ್ಟೋ ಮನೆಗಳಲ್ಲಿ ನಾಲ್ಕೈದು ವರ್ಷ ಕಳೆದುಹೋಗುತ್ತದೆ. ಹರಕೆ, ಆಣೆ, ನಾಟಿ ಔಷಧಿ, ಶಿಬಿರ ಎಲ್ಲ ಮುಗಿಯುವ ಹೊತ್ತಿಗೆ ಒಡವೆ ಗಿರವಿ ಅಂಗಡಿ ಸೇರಿರುತ್ತದೆ, ಹೆಂಡತಿಯ ಹೆಸರಲ್ಲಿ ಎರಡು ಸಂಘದ ಸಾಲ ಕೂತಿರುತ್ತದೆ, ದೊಡ್ಡ ಮಗ ಶಾಲೆಗೆ ಹೋಗುವುದನ್ನು ಕಡಿಮೆ ಮಾಡಿರುತ್ತಾನೆ. ಈ ಲೇಖನ ಆ ಸರದಿಯನ್ನೇ ತಿರುಗಿಸಿ ಹೇಳುತ್ತದೆ. ಮೊದಲು ರಾತ್ರಿಯ ಸುರಕ್ಷತೆ, ಆಮೇಲೆ ಮನೆಗೆ ದುಡ್ಡು ಬರುವ ದಾರಿ, ಆಮೇಲೆ ಸಾಲ ಮತ್ತು ಕಾಗದಪತ್ರ, ಅದಾದ ಮೇಲೆ ಚಿಕಿತ್ಸೆ. ಅವರು ಕುಡಿತ ಬಿಡುತ್ತಾರೋ ಇಲ್ಲವೋ ನಿಮ್ಮ ಕೈಯಲ್ಲಿಲ್ಲ. ಹಾಲಿನ ದುಡ್ಡು ಯಾರ ಖಾತೆಗೆ ಬೀಳುತ್ತದೆ ಅನ್ನೋದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ.

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು, ಹೆಂಡತಿಗೆ ಹೇಳಿದಂತೆ ಬರೆದಿದ್ದೇವೆ. ಕುಡಿಯುವವರು ಅಥವಾ ಆಡುವವರು ಹೆಂಡತಿಯಾಗಿದ್ದರೆ ಹಣ, ಮಕ್ಕಳು, ಚಿಕಿತ್ಸೆಯ ಮಾತು ಗಂಡನಿಗೂ ಹಾಗೇ ಅನ್ವಯಿಸುತ್ತದೆ. ಕೊನೆಯಲ್ಲಿ ಬರುವ ಕೌಟುಂಬಿಕ ದೌರ್ಜನ್ಯದ ಕಾನೂನು ಮಾತ್ರ ಹೆಂಗಸರಿಗೆ ಮೀಸಲು.

ರಾತ್ರಿಯ ಏರ್ಪಾಡು

ತೋಟದ ನಡುವಿನ ಒಂಟಿ ಮನೆಗೂ ಊರೊಳಗಿನ ಮನೆಗೂ ಇಲ್ಲಿ ಬಹಳ ವ್ಯತ್ಯಾಸವಿದೆ. ಮೂಡಿಗೆರೆ, ಸಕಲೇಶಪುರದ ಕಡೆ ಪಕ್ಕದ ಮನೆಗೇ ಅರ್ಧ ಮೈಲಿ ಇರಬಹುದು, ಮನೆಯೊಳಗೆ ನೆಟ್‌ವರ್ಕ್ ಸಿಗದೆ ಇರಬಹುದು. ಆದ್ದರಿಂದ ಮೊದಲ ಕೆಲಸವೆಂದರೆ ಹಗಲಿನಲ್ಲಿ ಫೋನ್ ಹಿಡಿದು ಅಂಗಳ, ಕಣ, ಕೊಟ್ಟಿಗೆ ಸುತ್ತಿ ಎಲ್ಲಿ ನಿಂತರೆ ಕರೆ ಹೋಗುತ್ತದೆ ಎಂದು ನೋಡಿಡುವುದು. ಆ ಜಾಗ ದೊಡ್ಡ ಮಗುವಿಗೂ ಗೊತ್ತಿರಲಿ. 112 ಪೊಲೀಸರಿಗೆ, 181 ಹೆಂಗಸರ ಸಹಾಯವಾಣಿಗೆ, 1098 ಮಕ್ಕಳ ಸಹಾಯವಾಣಿಗೆ. ಪೊಲೀಸ್ ಗಾಡಿ ತೋಟದ ದಾರಿಯಲ್ಲಿ ಬರಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಬೇಗ ಬರಬಲ್ಲ ಒಬ್ಬರನ್ನು ಮೊದಲೇ ಮಾತಾಡಿಸಿಟ್ಟುಕೊಳ್ಳಬೇಕು: ರೈಟರ್ ಮನೆಯವರು, ಲೈನ್ ಮನೆಯ ಅಕ್ಕ, ಹತ್ತಿರದ ಭಾವ, ಯಾರಾದರೂ ಸರಿ. ಅವರಿಗೆ ನೇರವಾಗಿ ಹೇಳಿ: "ರಾತ್ರಿ ನಾನು ಮಿಸ್ಡ್ ಕಾಲ್ ಕೊಟ್ರೆ ವಾಪಸ್ ಫೋನ್ ಮಾಡ್ಬೇಡಿ, ನೇರ ಬನ್ನಿ."

ಎರಡನೆಯದು ಕೋವಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ ಕೋವಿ ಇದೆ. ಕುಡಿತ, ಸಾಲ, ಕೋವಿ ಮೂರೂ ಒಂದೇ ಸೂರಿನಡಿ ಇರಬಾರದು. ಚುನಾವಣೆ ಹೊತ್ತಿನಲ್ಲಿ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ರೂಢಿ ಎಲ್ಲರಿಗೂ ಗೊತ್ತು. ಅದೇ ರೀತಿ ಈಗಲೂ ಸುರಕ್ಷಿತವಾಗಿ ಇಟ್ಟುಕೊಳ್ಳಿ ಎಂದು ಕೇಳಬಹುದು. ಲೈಸೆನ್ಸ್ ಇರುವವರೇ ಒಪ್ಪಿ ಕೊಟ್ಟರೆ ಸುಲಭ. ಒಪ್ಪದೆ ಹೆದರಿಸುತ್ತಿದ್ದರೆ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕದ ಡಬ್ಬಿಗಳನ್ನು ಮನೆಯಿಂದ ಹೊರಗೆ ಬೀಗದೊಳಗೆ ಇಡಿ, ಕೀಲಿ ನಿಮ್ಮಲ್ಲಿರಲಿ. ಜೂಜಿನ ಸಾಲ ಬಯಲಾದ ದಿನಗಳಲ್ಲಿ ಆಡಿದವರು ಜೀವ ಕಳೆದುಕೊಳ್ಳುವ ಅಪಾಯ ಹೆಚ್ಚು. "ನಾನು ಇದ್ದೇನು ಪ್ರಯೋಜನ" ಎಂಬ ಮಾತು ಬಂದರೆ ಅದನ್ನು ನಾಟಕ ಎಂದುಕೊಳ್ಳಬೇಡಿ. ಒಬ್ಬರನ್ನೇ ಬಿಡದೆ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಬಟ್ಟೆಯ ಚೀಲ ಸಿದ್ಧವಿರಲಿ. ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ, ಪಾಸ್‌ಬುಕ್ಕುಗಳ ನಕಲು, ಎರಡು ಸಾವಿರ ರೂಪಾಯಿ, ಮಕ್ಕಳ ಒಂದೊಂದು ಜೊತೆ ಬಟ್ಟೆ, ದಿನಾ ನುಂಗುವ ಮಾತ್ರೆ. ಚೀಲ ನಿಮ್ಮ ಮನೆಯಲ್ಲಿರುವುದಕ್ಕಿಂತ ಆ ನಂಬಿಕೆಯ ಮನೆಯಲ್ಲಿದ್ದರೆ ಒಳ್ಳೆಯದು.

ಕುಡಿದು ಬಂದಾಗ ಲೆಕ್ಕ ಕೇಳಬೇಡಿ, ಫೋನ್ ಕಿತ್ತುಕೊಳ್ಳಬೇಡಿ, ಬಾಟಲಿ ಚೆಲ್ಲಬೇಡಿ. ಹೊಡೆತದ ತನಕ ಹೋಗುವ ಜಗಳಗಳಲ್ಲಿ ಬಹಳಷ್ಟು ಈ ಮೂರರಲ್ಲಿ ಒಂದರಿಂದಲೇ ಏಳುತ್ತವೆ. ಮಾತು ಏನಿದ್ದರೂ ಬೆಳಗ್ಗೆ, ತಿಂಡಿಗೆ ಮೊದಲು ಆಗಲಿ. ಜಗಳ ಎದ್ದೇಬಿಟ್ಟರೆ ಅಡುಗೆಮನೆಯ ಕಡೆ ಹೋಗದೆ ಬಾಗಿಲಿರುವ ಕಡೆ ಹೋಗಿ. ಒಂದೇ ಬಾಗಿಲಿನ ಕೋಣೆಯೂ ಬೇಡ, ಕತ್ತಿ ಇರುವ ಜಾಗವೂ ಬೇಡ.

ದುಡ್ಡು ಎಲ್ಲಿ ಸೋರುತ್ತಿದೆ ಎಂದು ಮೊದಲು ನೋಡಿ

ಒಂದು ತಿಂಗಳು ಏನೂ ಬದಲಾಯಿಸಬೇಡಿ, ಬರೆದಿಡಿ ಅಷ್ಟೇ. ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಯಾವ ದಿನ, ಎಷ್ಟು ದುಡ್ಡು, ಎಲ್ಲಿಂದ ಬಂತು, ಯಾರ ಕೈಗೆ ಬಂತು. ಹೋದದ್ದನ್ನು ಬರೆಯುವುದಕ್ಕಿಂತ ಬಂದದ್ದನ್ನು ಬರೆಯುವುದು ಮುಖ್ಯ, ಏಕೆಂದರೆ ಕುಡಿತಕ್ಕೆ ಹೋಗುವ ದುಡ್ಡಿಗೆ ಒಂದು ದಿನ, ಒಂದು ಬಾಗಿಲು ಇರುತ್ತದೆ. ವಾರದ ಬಟವಾಡೆಯ ಸಂಜೆ, ಸಂತೆಯ ದಿನ, ಡೇರಿ ಬಿಲ್ಲು ಆದ ದಿನ, ಮೆಣಸು ಮಾರಿದ ವಾರ. ಆ ಬಾಗಿಲು ಗೊತ್ತಾದರೆ ಕೆಲಸ ಅರ್ಧ ಮುಗಿದ ಹಾಗೆ.

ಜೂಜಿನ ಸೋರಿಕೆ ಬೇರೆ ತರಹ. ಕುಡಿತಕ್ಕೆ ಒಂದು ದಿನಕ್ಕೆ ಇಷ್ಟೇ ಎಂಬ ಮಿತಿ ಇರುತ್ತದೆ, ದೇಹವೇ ಸಾಕು ಎನ್ನುತ್ತದೆ. ಫೋನ್ ಜೂಜಿಗೆ ಆ ಮಿತಿ ಇಲ್ಲ, ಒಂದೇ ರಾತ್ರಿಯಲ್ಲಿ ಒಂದು ವರ್ಷದ ಫಸಲು ಹೋಗಬಹುದು. ವಾಸನೆಯಿಲ್ಲ, ತೊದಲುವುದಿಲ್ಲ, ಹಾಗಾಗಿ ಗೊತ್ತಾಗುವುದೂ ತಡ. ಬ್ಯಾಂಕ್ ಸ್ಟೇಟ್‌ಮೆಂಟ್ ಕೈಗೆ ಸಿಕ್ಕರೆ ಸಮಯ ನೋಡಿ: ಕ್ರಿಕೆಟ್ ಪಂದ್ಯ ನಡೆಯುವ ಹೊತ್ತಿಗೆ, ಅಥವಾ ಮಧ್ಯರಾತ್ರಿ ದಾಟಿ, 500, 1,000, 2,000 ಹೀಗೆ ದುಂಡು ಮೊತ್ತಗಳು ಕಂಡರಿಯದ ವ್ಯಕ್ತಿಗಳ ಹೆಸರಿಗೆ ಯುಪಿಐನಲ್ಲಿ ಹೋಗಿರುತ್ತವೆ. ಅಂಗಡಿಯ ಹೆಸರಿರುವುದಿಲ್ಲ, ಪ್ರತಿ ಸಲವೂ ಹೊಸ ಹೆಸರು. ಬೆಟ್ಟಿಂಗ್ ನಡೆಸುವವರು ಬೇರೆಯವರ ಖಾತೆಗಳನ್ನು ಬಾಡಿಗೆಗೆ ಹಿಡಿದು ದುಡ್ಡು ತರಿಸಿಕೊಳ್ಳುವುದರಿಂದ ಹೀಗಾಗುತ್ತದೆ.

ಇದರಿಂದಲೇ ಇನ್ನೊಂದು ಎಚ್ಚರಿಕೆ. "ಸುಮ್ನೆ ನಿನ್ನ ಎಟಿಎಂ ಕಾರ್ಡ್ ಒಂದು ತಿಂಗಳು ಕೊಡು, ತಿಂಗಳಿಗೆ ಇಷ್ಟು ಕೊಡ್ತಾರೆ" ಎಂದು ಕೇಳಿದರೆ ನಿಮ್ಮ ಖಾತೆಯನ್ನಾಗಲಿ, ಮಗನ ವಿದ್ಯಾರ್ಥಿವೇತನದ ಖಾತೆಯನ್ನಾಗಲಿ ಕೊಡಬೇಡಿ. ಪೊಲೀಸ್ ತನಿಖೆ ಬಂದರೆ ಮೊದಲು ತಡೆಹಿಡಿಯುವುದು ಆ ಖಾತೆಯನ್ನು, ಮೊದಲು ಕರೆಯುವುದು ಖಾತೆದಾರರನ್ನು.

ಬಾಗಿಲು ಬದಲಾಯಿಸುವುದು: ಒಂದು ಮನೆಯ ಲೆಕ್ಕ

ಆಲೂರು ತಾಲ್ಲೂಕಿನ ಒಂದು ಮನೆ ಎಂದಿಟ್ಟುಕೊಳ್ಳಿ. ಒಂದೂವರೆ ಎಕರೆ ರೋಬಸ್ಟಾ ಕಾಫಿ, ನಡುವೆ ಮೆಣಸು, ಎರಡು ಹಸು. ಗಂಡ ಬೇರೆಯವರ ಗೂಡ್ಸ್ ಗಾಡಿ ಓಡಿಸುತ್ತಾರೆ, ತಿಂಗಳಿಗೆ ಸುಮಾರು 14,000. ಮಗ ಒಂಬತ್ತನೇ ತರಗತಿ, ಮಗಳು ನಾಲ್ಕನೇ ತರಗತಿ. ಡೇರಿಯ ಸದಸ್ಯತ್ವ ಗಂಡನ ಹೆಸರಲ್ಲಿದೆ. ಹಾಲು ಕರೆಯುವುದು, ಡೇರಿಗೆ ಹಾಕುವುದು ಹೆಂಡತಿ.

ಮನೆಗೆ ತಿಂಗಳಿಗೆ ತಪ್ಪಿಸಲಾಗದ ಖರ್ಚು ಇಷ್ಟು: ದಿನಸಿ, ತರಕಾರಿ 4,500. ಗ್ಯಾಸ್, ಫೋನ್, ಚಿಲ್ಲರೆ 1,500. ಶಾಲೆಯ ವ್ಯಾನು, ಪುಸ್ತಕ 2,600. ಸಂಘದ ಕಂತು 1,700. ಔಷಧಿ 500. ಒಟ್ಟು 10,800. ಇನ್ನು ಹಾಲು ದಿನಕ್ಕೆ 10 ಲೀಟರ್, ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 10,500. ಫೀಡು, ಬೂಸಾ, ಡಾಕ್ಟರು ಎಂದು 5,000 ತೆಗೆದರೆ ಉಳಿಯುವುದು 5,500. ಗೃಹಲಕ್ಷ್ಮಿಯ 2,000 ಸೇರಿಸಿದರೆ 7,500. ಅಂದರೆ ಗಂಡನ ದುಡಿಮೆಯಿಂದ ಈ ಮನೆಗೆ ಖಡಾಖಂಡಿತವಾಗಿ ಬೇಕಾದದ್ದು 14,000 ಅಲ್ಲ, 3,300 ಮಾತ್ರ. ಈ ಸಂಖ್ಯೆ ಸಿಗುವುದೇ ದೊಡ್ಡ ವಿಷಯ. "ಎಲ್ಲಾ ದುಡ್ಡು ತಂದು ಕೊಡಿ" ಎಂದರೆ ಜಗಳ. "ವಾರಕ್ಕೆ 850 ರೂಪಾಯಿ" ಎಂದರೆ ಅದೊಂದು ಮಾತುಕತೆ.

ಈಗ ಒಂದೊಂದೇ ಬಾಗಿಲು. ಮೊದಲು ನಿಮ್ಮೊಬ್ಬರ ಹೆಸರಲ್ಲೇ ಒಂದು ಹೊಸ ಖಾತೆ, ಗಂಡ ವ್ಯವಹಾರ ಮಾಡುವ ಬ್ಯಾಂಕು ಬಿಟ್ಟು ಬೇರೆ ಕಡೆ. ಅಂಚೆ ಕಚೇರಿಯಾದರೂ ಆದೀತು. ಜಂಟಿ ಖಾತೆ ಬೇಡ: ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂಬ ಬಗೆಯ ಜಂಟಿ ಖಾತೆಯಲ್ಲಿ ಹೋದ ದುಡ್ಡನ್ನು ಬ್ಯಾಂಕು ಪ್ರಶ್ನಿಸುವುದಿಲ್ಲ. ಖಾತೆಗೆ ಕೊಡುವ ಫೋನ್ ನಂಬರಿನ ಸಿಮ್ ನಿಮ್ಮ ಹೆಸರಲ್ಲಿರಬೇಕು, ನಿಮ್ಮ ಕೈಯಲ್ಲಿರಬೇಕು. ಎಷ್ಟೋ ಕಡೆ ಖಾತೆ ಹೆಂಡತಿಯದು, ನಂಬರು ಗಂಡನದು. ಒಟಿಪಿ ಅವರಿಗೇ ಹೋಗುತ್ತದೆ, ದುಡ್ಡೂ ಅವರಿಗೇ ಹೋಗುತ್ತದೆ. ಪಿನ್ ಎಂದು ಮಗುವಿನ ಹುಟ್ಟಿದ ವರ್ಷ ಇಡಬೇಡಿ.

ಗೃಹಲಕ್ಷ್ಮಿ ದುಡ್ಡು ಆಧಾರ್ ಜೋಡಣೆಯಾದ ಖಾತೆಗೆ ಬೀಳುತ್ತದೆ, ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಹೊಸ ಖಾತೆ ತೆರೆದ ಮಾತ್ರಕ್ಕೆ ದುಡ್ಡು ಅಲ್ಲಿಗೆ ಬರುವುದಿಲ್ಲ. ಹೊಸ ಬ್ಯಾಂಕಿನಲ್ಲಿ "ನನ್ನ ಸರ್ಕಾರಿ ದುಡ್ಡು ಈ ಖಾತೆಗೆ ಬರ್ಬೇಕು, ಆಧಾರ್ ಸೀಡಿಂಗ್ ಮಾಡಿ" ಎಂದು ಕೇಳಿ ಫಾರಂ ತುಂಬಿಕೊಡಿ. ಮುಂದಿನ ಕಂತು ಎಲ್ಲಿಗೆ ಬಂತು ಎಂದು ನೋಡುವ ತನಕ ಹಳೆಯ ಖಾತೆ ಮುಚ್ಚಬೇಡಿ.

ಡೇರಿ ಈ ಮನೆಯ ದೊಡ್ಡ ಬಾಗಿಲು. ಸಂಘದ ಕಾರ್ಯದರ್ಶಿಯ ಹತ್ತಿರ ನಿಮ್ಮ ಹೆಸರಲ್ಲಿ ಪ್ರತ್ಯೇಕ ಸದಸ್ಯತ್ವಕ್ಕೆ ಅರ್ಜಿ ಕೊಟ್ಟು, ಷೇರಿನ ದುಡ್ಡು ಕಟ್ಟಿ, ಇನ್ನು ಮುಂದೆ ಹಾಲನ್ನು ಆ ನಂಬರಿಗೇ ಅಳೆಸಿ. ಹಳೆಯ ಸದಸ್ಯತ್ವ ವರ್ಗಾಯಿಸಿ ಎಂದು ಜಗಳಕ್ಕೆ ನಿಲ್ಲಬೇಕಾಗಿಲ್ಲ, ಅದರ ಪಾಡಿಗೆ ಅದು ಇರಲಿ. ಗಂಡನಿಗೆ ಹೇಳುವಾಗ ಕುಡಿತದ ಮಾತು ತರದೆ "ಹೆಂಗಸ್ರ ಹೆಸ್ರಲ್ಲಿದ್ರೆ ನಾನೇ ಬಿಲ್ಲು ನೋಡ್ಕೋತೀನಿ ರೀ, ನಿಮ್ಗೆ ಓಡಾಟ ತಪ್ಪುತ್ತೆ" ಎಂದರೆ ಸಾಕು. ಅದು ಸುಳ್ಳೂ ಅಲ್ಲ.

ಉಳಿದ 3,300. ಇದಕ್ಕೆ ಗಂಡನ ಒಪ್ಪಿಗೆ ಬೇಕು. ಗಾಡಿ ಮಾಲೀಕರು ವಾರಕ್ಕೊಮ್ಮೆ ಸಂಬಳ ಕೊಡುವಾಗ 850 ರೂಪಾಯಿಯನ್ನು ನಿಮ್ಮ ಖಾತೆಗೆ ಹಾಕಿ ಉಳಿದದ್ದನ್ನು ಅವರ ಕೈಗೆ ಕೊಡುವಂತೆ ಮೂವರೂ ಕೂತು ಮಾತಾಡಿ. ಕುಡಿಯುವವರಲ್ಲಿ ಬಹಳ ಜನ ಬೆಳಗ್ಗೆ ಹೊತ್ತಿನಲ್ಲಿ ಇದಕ್ಕೆ ಒಪ್ಪುತ್ತಾರೆ, ಸಂಜೆಯ ತಮ್ಮನ್ನು ಅವರೂ ನಂಬುವುದಿಲ್ಲ. ಒಪ್ಪದಿದ್ದರೆ ನಾಚಿಕೊಳ್ಳದೆ ಖರ್ಚಿನ ಕಡೆಯಿಂದ ಬನ್ನಿ. ವ್ಯಾನಿನ ದುಡ್ಡು ಅವರೇ ವ್ಯಾನಿನವರಿಗೆ ನೇರ ಕಟ್ಟಲಿ, ನಿಮ್ಮ ಕೈಗೆ ಬೇಡ.

ಮಗಳಿಗೆ ಹತ್ತು ವರ್ಷ ತುಂಬುವ ಮೊದಲು ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆಯನ್ನು ನೀವೇ ಪಾಲಕರಾಗಿ ತೆರೆಯಿರಿ. ವರ್ಷಕ್ಕೆ ಕನಿಷ್ಠ 250 ರೂಪಾಯಿ. ಈ ಖಾತೆಯ ದೊಡ್ಡ ಗುಣ ಬಡ್ಡಿಯಲ್ಲ. ಮಗಳಿಗೆ ಹದಿನೆಂಟು ಆಗುವವರೆಗೆ ಅಥವಾ ಹತ್ತನೇ ತರಗತಿ ದಾಟುವವರೆಗೆ ಯಾರು ಗೋಗರೆದರೂ ಅದರಿಂದ ದುಡ್ಡು ತೆಗೆಯುವುದು ಸುಲಭವಲ್ಲ. "ಒಂದ್ಸಲ ಕೊಡು, ನಾಳೆ ಹಾಕ್ತೀನಿ" ಎಂಬ ಮಾತಿಗೆ ನೀವು ಇಲ್ಲ ಎನ್ನಬೇಕಾಗಿಲ್ಲ, ಅಂಚೆಯವರೇ ಇಲ್ಲ ಎನ್ನುತ್ತಾರೆ.

ಜೂಜಾಡುವವರು ಬಿಡಬೇಕೆಂದು ಒಪ್ಪಿರುವ ದಿನವಿದ್ದರೆ ಆ ದಿನವೇ ಅವರ ಜೊತೆ ಬ್ಯಾಂಕಿಗೆ ಹೋಗಿ. ದಿನದ ಯುಪಿಐ ಮಿತಿ ಇಳಿಸುವುದು, ಕ್ರೆಡಿಟ್ ಕಾರ್ಡ್ ಮುಚ್ಚಿಸುವುದು, ಫೋನಿಗೆ ಜೋಡಿಸಿದ ಖಾತೆಯಲ್ಲಿ ವಾರದ ಖರ್ಚಿನಷ್ಟೇ ಇಡುವುದು, ಈ ಮೂರು ಅರ್ಧ ಗಂಟೆಯ ಕೆಲಸ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಅದು ಹಿಡಿಯುವುದು ಆಟ ನಡೆಸುವವರನ್ನು, ಜಾಹೀರಾತು ಮಾಡುವವರನ್ನು. ಆಡಿ ಸೋತವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಹಾಗಾಗಿ ಬ್ಯಾಂಕಿನಲ್ಲಾಗಲಿ, ಡಾಕ್ಟರ ಹತ್ತಿರವಾಗಲಿ ಬಾಯಿಬಿಟ್ಟು ಹೇಳಲು ಹೆದರಬೇಕಾಗಿಲ್ಲ. ನಿಷೇಧ ಬಂದ ಮೇಲೂ ಹೊರದೇಶದ ಆಪ್‌ಗಳು, ವಾಟ್ಸ್ಆಪ್ ಗುಂಪಿನ ಬುಕ್ಕಿಗಳು ಸಿಗುತ್ತಾರೆ ಎಂಬುದೂ ನೆನಪಿರಲಿ.

ಸಾಲಕ್ಕೆ ನಿಮ್ಮ ಸಹಿ

ಗಂಡ ಮಾಡಿದ ಸಾಲಕ್ಕೆ ಹೆಂಡತಿ ತಾನಾಗಿಯೇ ಹೊಣೆಯಾಗುವುದಿಲ್ಲ. ಹೊಣೆಯಾಗುವುದು ಸಹಸಾಲಗಾರಳಾಗಿ, ಜಾಮೀನುದಾರಳಾಗಿ ಸಹಿ ಹಾಕಿದಾಗ, ಅಥವಾ ತನ್ನ ಹೆಸರಲ್ಲೇ ಸಂಘದಿಂದ ಎತ್ತಿ ಕೊಟ್ಟಾಗ. ನಮ್ಮ ಕಡೆ ಮನೆ ಮುಳುಗುವುದು ಹೆಚ್ಚಾಗಿ ಈ ಮೂರನೆಯ ದಾರಿಯಲ್ಲಿ. ಬುಕ್ಕಿ ಬಾಗಿಲಿಗೆ ಬಂದು ನಿಂತ ಅವಮಾನಕ್ಕೆ ಹೆಂಡತಿ ಸಂಘದಲ್ಲಿ 50,000 ತೆಗೆಯುತ್ತಾಳೆ. ಆ ಸಾಲ ಈಗ ಅವಳದು, ಗುಂಪಿನ ಉಳಿದ ಹೆಂಗಸರೂ ಅದಕ್ಕೆ ಸಿಕ್ಕಿಕೊಂಡಿರುತ್ತಾರೆ. ಅತ್ತ ಗಂಡನಿಗೆ ಹಳೆಯದು ತೀರಿತೆಂಬ ನಿರಾಳ ಬರುತ್ತದೆ, ಬುಕ್ಕಿ ಮತ್ತೆ ಕಡ ಕೊಡುತ್ತಾನೆ. ಕಟುವಾಗಿ ಕೇಳಿಸಿದರೂ ಹೇಳಲೇಬೇಕು: ಜೂಜಿನ ಸಾಲ ತೀರಿಸಲು ಹೊಸ ಸಾಲ ಎತ್ತಬೇಡಿ, ಒಡವೆ ಇಡಬೇಡಿ, ತವರಿನಿಂದ ತರಬೇಡಿ.

ಪಂಥದ ಕರಾರು ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಊರ್ಜಿತವಲ್ಲ, ಬುಕ್ಕಿ ಅದನ್ನು ಕೋರ್ಟಿನಲ್ಲಿ ವಸೂಲಿ ಮಾಡಲಾರ. ಅದು ಅವನಿಗೂ ಗೊತ್ತು. ಅದಕ್ಕೇ ಖಾಲಿ ಚೆಕ್ಕು, ಪ್ರೋನೋಟು, ಖಾಲಿ ಛಾಪಾ ಕಾಗದ ಕೇಳುತ್ತಾನೆ, ಅದನ್ನು ಕೈಸಾಲದಂತೆ ತೋರಿಸಬಹುದು ಎಂದು. ನಿಮ್ಮ ಚೆಕ್‌ಬುಕ್ ಮನೆಯಲ್ಲಿರಬಾರದು. ವಸೂಲಿಗೆ ಬಂದು ಹೆದರಿಸುವವರ ಮೇಲೆ ದೂರು ಕೊಡಬಹುದು. ಕಿರುಸಾಲದವರ ಬಲವಂತದ ವಸೂಲಿಯನ್ನು ಶಿಕ್ಷಾರ್ಹ ಮಾಡುವ ಕಾನೂನನ್ನು ಕರ್ನಾಟಕ 2025ರಲ್ಲಿ ತಂದಿದೆ.

ನಿಮಗೆ ಗೊತ್ತಿಲ್ಲದೆ ನಿಮ್ಮ ಆಧಾರ್, ಪ್ಯಾನ್ ಕೊಟ್ಟು ಫೋನಿನಲ್ಲೇ ಸಾಲ ಎತ್ತಿರುವುದೂ ಉಂಟು. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಒಮ್ಮೆ ತೆಗೆಸಿ ನೋಡಿ. ನಿಮ್ಮದಲ್ಲದ ಸಾಲ ಕಂಡರೆ ಸಾಲ ಕೊಟ್ಟವರಿಗೆ ಬರಹದಲ್ಲಿ ತಿಳಿಸಿ.

ಜಮೀನಿನ ಮಟ್ಟಿಗೆ ಆರು ತಿಂಗಳಿಗೊಮ್ಮೆ ಪಹಣಿ ತೆಗೆಸಿ, ಅದರ 11ನೇ ಕಾಲಂ ನೋಡಿ. ಬ್ಯಾಂಕಿನ ಸಾಲ, ಅಡಮಾನ ಅಲ್ಲಿ ಏರಿರುತ್ತದೆ. ಜೊತೆಗೆ ಉಪನೋಂದಣಿ ಕಚೇರಿಯ ಇ.ಸಿ., ಅಂದರೆ ಋಣಭಾರ ಪತ್ರವನ್ನೂ ತೆಗೆಸಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಇದೆ: ಉಪನೋಂದಣಿ ಕಚೇರಿಗೆ ತಕರಾರು ಅರ್ಜಿ ಕೊಟ್ಟರೆ ಕ್ರಯ ನಿಲ್ಲುತ್ತದೆ ಎಂದು. ಕೋರ್ಟಿನ ತಡೆಯಾಜ್ಞೆ ಇಲ್ಲದೆ ಆ ಅರ್ಜಿಯನ್ನು ನಂಬಿ ಕೂರಬೇಡಿ. ಪಿತ್ರಾರ್ಜಿತವಾದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ 2005ರ ತಿದ್ದುಪಡಿಯ ನಂತರ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ. ಮಕ್ಕಳ ಪರವಾಗಿ ತಾಯಿ ವಿಭಾಗದ ದಾವೆ ಹೂಡಿ ತಡೆಯಾಜ್ಞೆ ಕೇಳಬಹುದು. ಗಂಡನ ಸ್ವಯಾರ್ಜಿತವಾಗಿದ್ದರೆ ಈ ದಾರಿ ಇಲ್ಲ. ಜಮೀನು ಎರಡರಲ್ಲಿ ಯಾವುದು ಎಂದು ಹಳೆಯ ವಿಭಾಗ ಪತ್ರ, ಕ್ರಯಪತ್ರ ಹಿಡಿದು ಮೊದಲೇ ಕೇಳಿ ತಿಳಿದುಕೊಳ್ಳಿ. ಜಿಲ್ಲಾ ಮತ್ತು ತಾಲ್ಲೂಕು ಕಾನೂನು ಸೇವಾ ಕಚೇರಿಗಳು ಕೋರ್ಟಿನ ಆವರಣದಲ್ಲೇ ಇವೆ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ, ಫೋನ್ 15100.

ಕಾಗದಕ್ಕೆ ಬರದೆ ಸೋರುವುದು ಫಸಲು. ಗಿಡದ ಮೇಲಿನ ಕಾಫಿ, ಬಳ್ಳಿಯ ಮೇಲಿನ ಮೆಣಸು ತೋರಿಸಿ ವ್ಯಾಪಾರಿಯಿಂದ ಮುಂಗಡ ತಂದಿದ್ದರೆ ಕುಯ್ಲಿನ ದಿನವೇ ನಿಮಗೆ ಗೊತ್ತಾಗುತ್ತದೆ. ಪ್ರತಿವರ್ಷ ಕೊಳ್ಳುವ ವ್ಯಾಪಾರಿಯ ಹತ್ತಿರ ದೀಪಾವಳಿಗೆ ಮೊದಲೇ ಹೋಗಿ, ಮುಂಗಡ ಕೊಡಬೇಡಿ, ಕೊಟ್ಟರೆ ಇಬ್ಬರೂ ಇದ್ದಾಗ ಕೊಡಿ ಎಂದು ಹೇಳಿ.

ಮಕ್ಕಳಿಗೆ ಏನು ಹೇಳುವುದು

ಮುಚ್ಚಿಡುವುದರಿಂದ ಮಕ್ಕಳು ಕಾರಣವನ್ನು ತಮ್ಮಲ್ಲೇ ಹುಡುಕುತ್ತಾರೆ. ನಾಲ್ಕನೇ ತರಗತಿಯ ಮಗಳಿಗೆ ಇಷ್ಟು ಸಾಕು: "ಅಪ್ಪಂಗೆ ಕುಡಿಯೋ ಕಾಯಿಲೆ ಇದೆ ಮಗಾ. ನಿನ್ನಿಂದ ಬಂದಿದ್ದಲ್ಲ, ನೀನು ವಾಸಿ ಮಾಡಕ್ಕೂ ಆಗಲ್ಲ. ಗಲಾಟೆ ಆದ್ರೆ ಅಣ್ಣನ ಕೈ ಹಿಡ್ಕೊಂಡು ಅತ್ತೆ ಮನೆಗೆ ಹೋಗ್ಬೇಕು, ನಾನು ಹಿಂದೆ ಬರ್ತೀನಿ." ಒಂಬತ್ತನೇ ತರಗತಿಯವನಿಗೆ ದುಡ್ಡಿನ ವಿಷಯವೂ ಅರ್ಧ ಗೊತ್ತಿರುತ್ತದೆ. ಅವನಿಗೆ ಸಾಲದ ಮೊತ್ತ ಹೇಳಬೇಕಾಗಿಲ್ಲ, ಶಾಲೆಯ ಖರ್ಚು ಎಲ್ಲಿಂದ ಬರುತ್ತದೆ ಎಂದು ಹೇಳಿ. ಅದು ತಿಳಿದರೆ ಕೆಲಸಕ್ಕೆ ಸೇರುತ್ತೇನೆ ಎಂಬ ಯೋಚನೆ ಹಿಂದೆ ಸರಿಯುತ್ತದೆ.

ದೊಡ್ಡ ಮಗನನ್ನು ಬಾರಿನಿಂದ ಅಪ್ಪನನ್ನು ಕರೆತರಲು, ಅಪ್ಪನ ಫೋನ್ ನೋಡಲು, ಜಗಳದಲ್ಲಿ ಅಡ್ಡ ನಿಲ್ಲಲು ಕಳಿಸಬೇಡಿ. ಅಡ್ಡ ನಿಂತ ಹುಡುಗನಿಗೇ ಪೆಟ್ಟು ಬೀಳುತ್ತದೆ, ಅಥವಾ ಅವನೇ ಕೈ ಎತ್ತುತ್ತಾನೆ. ಶಾಲೆಯಲ್ಲಿ ಒಬ್ಬ ಮೇಷ್ಟ್ರಿಗೋ ಟೀಚರಿಗೋ ಗುಟ್ಟಾಗಿ ತಿಳಿಸಿ, ಕುಡಿದು ಬೈಕಿನಲ್ಲಿ ಕರೆಯಲು ಬಂದರೆ ಮಕ್ಕಳನ್ನು ಕಳಿಸದೆ ನಿಮಗೆ ಫೋನ್ ಮಾಡಲಿ. ಮಗಳು ಹಾಸಿಗೆ ಒದ್ದೆ ಮಾಡಲು ಶುರುಮಾಡಿದರೆ, ಸಂಜೆಯಾಗುತ್ತಲೇ ಹೊಟ್ಟೆನೋವು ಎಂದರೆ ಬೈಯಬೇಡಿ. ಭಯ ದೇಹದಲ್ಲಿ ಹಾಗೆ ಕಾಣಿಸುತ್ತದೆ.

ಬಿಡುತ್ತೇನೆ ಎಂದ ದಿನದ ಅಪಾಯ

ದಿನಾ ಕುಡಿಯುವವರು, ಬೆಳಗ್ಗೆ ಎದ್ದಾಗ ಕೈ ನಡುಗಿ, ಬೆವರಿ, ಒಂದು ನೈಂಟಿ ಹಾಕಿದ ಮೇಲೆ ಸರಿಹೋಗುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯವಿದೆ. ಕೊನೆಯ ಕುಡಿತದಿಂದ ಆರೆಂಟು ಗಂಟೆಯಲ್ಲಿ ನಡುಕ ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಜ್ಞಾನ ತಪ್ಪಿದಂತಾಗಿ, ಗೋಡೆಯ ಮೇಲೆ ಹುಳ ಕಂಡು, ಮನೆಯವರನ್ನೇ ಗುರುತಿಸದೆ, ಜ್ವರ ಏರುತ್ತದೆ. ಇದನ್ನು ಗಾಳಿ ಸೋಕಿದೆ ಎಂದುಕೊಂಡು ಯಂತ್ರ ಕಟ್ಟಿಸಲು ಹೋದರೆ ಹೊತ್ತು ಕೈಮೀರುತ್ತದೆ. 108 ಕರೆದು ಆಸ್ಪತ್ರೆಗೆ ಹೋಗಬೇಕು.

ಹಾಗಾಗಿ ಅಯ್ಯಪ್ಪನ ಮಾಲೆ ಹಾಕುವ ಮೊದಲು, ದೇವರ ಮುಂದೆ ಆಣೆ ಮಾಡುವ ಮೊದಲು, ಮದ್ಯವರ್ಜನ ಶಿಬಿರಕ್ಕೆ ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ. ಕಾಲು ಮುರಿದೋ ಜ್ವರಕ್ಕೋ ಆಸ್ಪತ್ರೆಗೆ ಸೇರಿಸಿದಾಗಲೂ "ಇವ್ರು ದಿನಾ ಇಷ್ಟು ಕುಡೀತಾರೆ, ಕೊನೇ ಸಲ ಕುಡಿದಿದ್ದು ಇಂಥ ಹೊತ್ತಲ್ಲಿ" ಎಂದು ಮರ್ಯಾದೆಗೆ ಅಂಜದೆ ಹೇಳಿ. ಆಸ್ಪತ್ರೆಯಲ್ಲಿ ನಡುಕ ಇಳಿಸುವ ಔಷಧಿಯನ್ನು ದಿನದಿನ ಕಡಿಮೆ ಮಾಡುತ್ತಾ ಕೊಡುತ್ತಾರೆ, ಥಯಾಮಿನ್ ಅಂದರೆ ಬಿ1 ಜೀವಸತ್ವ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ, ಮಾತ್ರೆಗಳನ್ನು ತರಬೇಡಿ. ಕುಡಿದರೆ ವಾಂತಿ ಬರಿಸುವ ಡೈಸಲ್ಫಿರಾಂ ಎಂಬ ಮಾತ್ರೆಯನ್ನು ಡಾಕ್ಟರು ಕೊಡುವುದು ರೋಗಿ ತಿಳಿದು ಒಪ್ಪಿದ ಮೇಲೆ. ತಿಳಿಯದೆ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ಗೊತ್ತಾದರೆ ನಿಮ್ಮ ಕೈ ಅಡುಗೆಯ ಮೇಲಿನ ನಂಬಿಕೆಯೂ ಹೋಗುತ್ತದೆ.

ಯಾವುದೂ ನಡೆಯದಾಗ

ಹೊಡೆತ, ಒಡವೆ ಮಾರುವುದು, ಖರ್ಚಿಗೆ ಕೊಡದಿರುವುದು ಮೂರೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಬರುತ್ತವೆ. ದುಡ್ಡಿನ ಹಿಂಸೆಯನ್ನೂ ಆ ಕಾಯ್ದೆ ಹಿಂಸೆ ಎಂದೇ ಕರೆಯುತ್ತದೆ. ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋದರೆ ಸಂರಕ್ಷಣಾಧಿಕಾರಿಯಾಗಿ ಅವರು ನಡೆದದ್ದನ್ನು ನಿಗದಿತ ನಮೂನೆಯಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ನೀವು ಬರೆದಿಟ್ಟ ನೋಟ್‌ಬುಕ್, ಆಸ್ಪತ್ರೆಯ ಚೀಟಿ, ಗಿರವಿ ರಸೀದಿ, ಒಡವೆ ಹಾಕಿಕೊಂಡ ಹಳೆಯ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತವೆ. ಕೇಳುವಾಗ ಬರಿಯ ರಕ್ಷಣೆ ಎನ್ನದೆ ಬಿಡಿಸಿ ಕೇಳಿ: ಮನೆಯಿಂದ ಹೊರಹಾಕಬಾರದು, ತವರಿನ ಒಡವೆ ವಾಪಸ್ ಬರಬೇಕು, ತಿಂಗಳ ಖರ್ಚಿಗೆ ಇಷ್ಟು ಕೊಡಬೇಕು, ಜಂಟಿ ಖಾತೆ ಮತ್ತು ಲಾಕರನ್ನು ಕೋರ್ಟಿನ ಅನುಮತಿ ಇಲ್ಲದೆ ಮುಟ್ಟಬಾರದು. ಕೊನೆಯದನ್ನು ಕೇಳಬಹುದು ಎಂದು ಬಹಳ ಜನಕ್ಕೆ ತಿಳಿದಿಲ್ಲ. ಮಧ್ಯಂತರ ಆದೇಶವನ್ನೂ ಅದೇ ಅರ್ಜಿಯಲ್ಲಿ ಕೇಳಿ. ಅರ್ಜಿ ಹಾಕಿದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ, ಗಂಡ ಜೈಲಿಗೂ ಹೋಗುವುದಿಲ್ಲ. ಕೋರ್ಟಿನ ರಕ್ಷಣಾ ಆದೇಶವನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಇದೆ.

ಇನ್ನು ಅವರು ಬಿಟ್ಟರು ಎನ್ನೋಣ. ಮೊದಲ ಮೂರು ತಿಂಗಳಲ್ಲಿ ಮತ್ತೆ ಕುಡಿಯುವುದು, ಆಡುವುದು ಬಹಳ ಸಾಮಾನ್ಯ. ಸಂತೋಷಕ್ಕೆ ಎಲ್ಲವನ್ನೂ ಒಮ್ಮೆಲೇ ವಾಪಸ್ ಕೊಡಬೇಡಿ. ಆಲೂರಿನ ಆ ಮನೆಯಲ್ಲಿ ಆರು ತಿಂಗಳು ಸರಿಯಾಗಿ ನಡೆದರೆ ವಾರದ 850ರ ಏರ್ಪಾಡನ್ನು ಅವರೇ ನಡೆಸಲಿ, ಮಾಲೀಕರು ಹಾಕುವ ಬದಲು ಅವರೇ ಹಾಕಲಿ. ಡೇರಿ ನಂಬರು ನಿಮ್ಮ ಹೆಸರಲ್ಲೇ ಇರಲಿ, ಅದನ್ನು ಬದಲಾಯಿಸಲು ಕಾರಣವೇ ಇಲ್ಲ. ಕಾಫಿ, ಮೆಣಸಿನ ದುಡ್ಡಿಗೆ ಮಾತ್ರ ಇಬ್ಬರೂ ಸಹಿ ಹಾಕಿದರೆ ಮಾತ್ರ ತೆಗೆಯಬಹುದಾದ ಬಗೆಯ ಜಂಟಿ ಖಾತೆ ಮಾಡಿಸಿ. ಅಂಥ ಖಾತೆಗೆ ಸಾಮಾನ್ಯವಾಗಿ ಯುಪಿಐ ಕೊಡುವುದಿಲ್ಲ. ರೋಬಸ್ಟಾ ಕುಯ್ಲು ಮುಗಿಯುವುದು ಫೆಬ್ರವರಿ, ಮಾರ್ಚಿನಲ್ಲಿ, ಹಿಂದೆಯೇ ಐಪಿಎಲ್ ಶುರುವಾಗುತ್ತದೆ. ಆ ಖಾತೆಯನ್ನು ಕುಯ್ಲಿಗೆ ಮೊದಲೇ, ಡಿಸೆಂಬರಿನೊಳಗೆ ತೆರೆದಿಟ್ಟುಕೊಂಡು, ಅದರ ನಂಬರನ್ನೇ ವ್ಯಾಪಾರಿಗೆ ಕೊಡಿ.